ಫ್ರೆಂಚ್ ಫ್ರೈಸ್: ನೇರ ಎಣ್ಣೆಗೋ, ತಣ್ಣೀರಿಗೋ, ಕುದಿಯುವ ನೀರಿಗೋ?

ನನ್ನ ವೋಟು ತಣ್ಣೀರಿಗೆ. ಹೆಚ್ಚಿ, ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಒಣಗಿಸಿ, ಎರಡು ಸಲ ಕರಿಯುವುದು. ಉಳಿದ ಎರಡು ದಾರಿಗಳನ್ನೂ ಅದೇ ಬಾಣಲೆ, ಅದೇ ಎಣ್ಣೆಯಲ್ಲಿ ಮಾಡಿ ನೋಡಿ ಹೇಳುತ್ತಿರುವ ಮಾತಿದು. ಪ್ರತಿ ಸಲವೂ ಅರ್ಧ ಕೆಜಿ ಆಲೂಗಡ್ಡೆ, ಮುಕ್ಕಾಲು ಲೀಟರ್ ಎಣ್ಣೆ, ತುಂಡು 1 ಸೆಂ.ಮೀ. ದಪ್ಪ.

ಹೆಚ್ಚಿದ ಕೂಡಲೇ ಎಣ್ಣೆಗೆ ಬಿಡುವುದು ಸುಲಭ, ಆದರೆ ತಿನ್ನುವಾಗ ಬೇಜಾರು. ಕತ್ತರಿಸಿದ ಮೈಮೇಲಿನ ಗಂಜಿ ಅಂಟಾಗಿ ತುಂಡುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒಳಗೆ ಬೇಯುವಷ್ಟರಲ್ಲಿ ಹೊರಗೆ ಕಂದಾಗಿರುತ್ತದೆ. ತಟ್ಟೆಗೆ ಬಂದ ಐದೇ ನಿಮಿಷಕ್ಕೆ ಒಳಗಿನ ಹಬೆ ತೆಳುವಾದ ಹೊರಪದರವನ್ನು ಮೆತ್ತಗೆ ಮಾಡಿಬಿಡುತ್ತದೆ.

ತಣ್ಣೀರಿನ ದಾರಿಯಲ್ಲಿ ಮೊದಲು ತುಂಡುಗಳನ್ನು ಎರಡು ಮೂರು ನೀರಲ್ಲಿ ತೊಳೆಯಬೇಕು. ಅಕ್ಕಿ ತೊಳೆದ ಹಾಗೆ ಬೆಳ್ಳಗಿದ್ದ ನೀರು ತಿಳಿಯಾದ ಮೇಲೆ 30 ನಿಮಿಷ ನೆನೆಯಲಿ. ಹೊರಮೈಯ ಗಂಜಿಯ ಜೊತೆ ಸ್ವಲ್ಪ ಸಕ್ಕರೆಯೂ ಹೋಗುವುದರಿಂದ ಬೇಗ ಕಪ್ಪಾಗುವುದಿಲ್ಲ. ಫ್ರಿಜ್ಜಿನಲ್ಲಿ ವಾರಗಟ್ಟಲೆ ಇಟ್ಟ ಆಲೂಗಡ್ಡೆಗೆ ಮಾತ್ರ ಈ ಉಪಾಯ ಸಾಲದು. ಚಳಿಗೆ ಅದರ ಗಂಜಿಯೇ ಸಕ್ಕರೆಯಾಗಿರುತ್ತದೆ, ಎಷ್ಟು ತೊಳೆದರೂ ಒಳಗಿನದು ಹೋಗದು.

ಈ ದಾರಿಯ ಒಂದೇ ತಲೆನೋವು ಒಣಗಿಸುವುದು. ಜರಡಿಯಲ್ಲಿ ಬಸಿದು ನಾಲ್ಕು ಸಲ ಕೊಡವಿದರೆ ಒಣಗಿದ ಹಾಗೆ ಕಾಣುತ್ತದೆ, ಆದರೆ ಒಣಗಿರುವುದಿಲ್ಲ. ಮೈಮೇಲೆ ಎರಡು ಟೀ ಚಮಚ ನೀರು ಉಳಿದಿದ್ದರೂ ಅದು ಆವಿಯಾಗಲು ಎಳೆದುಕೊಳ್ಳುವ ಶಾಖ ಮುಕ್ಕಾಲು ಲೀಟರ್ ಎಣ್ಣೆಯನ್ನು 15 ಡಿಗ್ರಿಗೂ ಹೆಚ್ಚು ತಣಿಸಬಲ್ಲದು. ಎಣ್ಣೆ ತಣಿದರೆ ಹೊರಪದರ ಗಟ್ಟಿಯಾಗಲು ತಡ, ತುಂಡು ಎಣ್ಣೆಯಲ್ಲಿ ನೆನೆದ ಹಾಗೆ ಆಗುತ್ತದೆ. ಜಿಡ್ಡಿಗೆ ಎಣ್ಣೆಯ ಬ್ರ್ಯಾಂಡನ್ನು ಬೈಯುವವರು ಮೊದಲು ಒರೆಸುವ ಬಟ್ಟೆಯನ್ನು ನೋಡಬೇಕು.

ಟರ್ಕಿ ಟವೆಲ್ ಬೇಡ, ನೂಲು ಹತ್ತಿಕೊಳ್ಳುತ್ತದೆ. ಟಿಶ್ಯೂ ಪೇಪರ್ ತುಂಡಿಗೆ ಅಂಟಿ ಹರಿಯುತ್ತಿದ್ದರೆ ಗಂಜಿ ಇನ್ನೂ ಹೋಗಿಲ್ಲ ಎಂದರ್ಥ, ಮತ್ತೆ ತೊಳೆಯಿರಿ. ಹಳೆಯ ಹತ್ತಿ ಪಂಚೆಯೇ ವಾಸಿ. ತುಂಡುಗಳನ್ನು ಒಂದೇ ಪದರವಾಗಿ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ ಮೆಲ್ಲಗೆ ಒತ್ತಬೇಕು. ಆಮೇಲೆ ಇನ್ನೊಂದು ಒಣ ಬಟ್ಟೆಗೆ ಬದಲಿಸಿ ಫ್ಯಾನಿನಡಿ 15–20 ನಿಮಿಷ ಬಿಡಿ, ನಡುವೆ ಒಮ್ಮೆ ಹೊರಳಿಸಿ. ಮಳೆಗಾಲದಲ್ಲಿ ಇನ್ನೂ ಹೊತ್ತು ಹಿಡಿಯುತ್ತದೆ. ಹೊಳಪು ಹೋಗಿ ಮೈ ಮಂಕಾಗಬೇಕು, ಅಂಗೈಗೆ ಉಜ್ಜಿದರೆ ತೇವ ತಾಗಬಾರದು. ಆಗ ಮಾತ್ರ ಒಲೆ ಹಚ್ಚಿ.

ಮೊದಲ ಕರಿತ 150–160 ಡಿಗ್ರಿಯಲ್ಲಿ, ಐದಾರು ನಿಮಿಷ. ಬಣ್ಣ ಬರಬಾರದು, ಬಾಗಿಸಿದರೆ ಮುರಿಯುವಷ್ಟು ಬೆಂದಿರಬೇಕು. ಹೊರತೆಗೆದು ಹರಡಿ ಅರ್ಧ ಗಂಟೆ ಆರಿಸಿ. ಎರಡನೆಯದು 185ರ ಆಸುಪಾಸಿನಲ್ಲಿ ಎರಡು ಮೂರು ನಿಮಿಷ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ತುಂಡು ಬಿಟ್ಟು ನೋಡಿ: ಮೊದಲನೆಯದಕ್ಕೆ ಗುಳ್ಳೆ ಮೆಲ್ಲಗೆ ಏಳಬೇಕು, ಎರಡನೆಯದಕ್ಕೆ ಭರ್ರೆಂದು. ಎರಡು ಸಲವೂ ಮೂರು ಕಂತಿನಲ್ಲಿ ಹಾಕಿ. ಎತ್ತಿದ ಕೂಡಲೇ ಜಾಲರಿಯಲ್ಲೇ ಜೋರಾಗಿ ಕೊಡವಬೇಕು. ತಣಿಯುವಾಗ ಒಳಗಿನ ಹಬೆ ಕುಗ್ಗಿ ಮೈಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಹೆಚ್ಚಿನ ಜಿಡ್ಡು ಸೇರುವುದೇ ಆಗ. ಉಪ್ಪು ಕೊನೆಗೆ. ಮುಚ್ಚಳ ಬೇಡವೇ ಬೇಡ.

ಕುದಿಯುವ ನೀರಿನ ದಾರಿ ಗರಿಗರಿತನದಲ್ಲಿ ಒಂದು ಕೈ ಮೇಲೆ ಎಂದು ಒಪ್ಪಲೇಬೇಕು. ತೊಳೆದ ತುಂಡುಗಳನ್ನು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ಬೇಯಿಸಿ, ಬಸಿದು, ಆಮೇಲೆ ಎರಡು ಸಲ ಕರಿಯುವುದು. ಹುಳಿ ಇದ್ದರೆ ಆಲೂಗಡ್ಡೆ ಕರಗದೆ ನಿಲ್ಲುತ್ತದೆ, ತಿನ್ನುವಾಗ ಹುಳಿ ಗೊತ್ತಾಗುವುದಿಲ್ಲ. ಬಿಸಿಗೆ ಐದೇ ನಿಮಿಷದಲ್ಲಿ ತಾನಾಗಿ ಒಣಗುವುದು ದೊಡ್ಡ ಲಾಭ. ಆದರೆ ಒಂದು ನಿಮಿಷ ಮೈಮರೆತರೂ ಹಿಟ್ಟಿನಂಥ ಆಲೂಗಡ್ಡೆ ಜರಡಿಯಲ್ಲೇ ಮುರಿದು ಪಲ್ಯಕ್ಕೆ ಹೋಗುತ್ತದೆ. ಮೇಲಾಗಿ ಗ್ಯಾಸು, ಇನ್ನೊಂದು ಪಾತ್ರೆ ತೊಳೆಯುವ ಕೆಲಸ.

ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬರುವ ಹಾಸನದ ಎಳೆ ಆಲೂಗಡ್ಡೆ, ಹೆಬ್ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ಏಳುವಂಥದ್ದು, ಮೂರರಲ್ಲಿ ಯಾವುದಕ್ಕೂ ಬೇಡ. ನೀರು ಜಾಸ್ತಿ, ಬೇಗ ಮೆತ್ತಗಾಗುತ್ತದೆ. ಅದನ್ನು ಸಾಗುವಿಗೆ ಇಟ್ಟು, ಸಿಪ್ಪೆ ಗಟ್ಟಿಯಾದ ಹಳೆಯದನ್ನು ತನ್ನಿ.

ಪ್ಲೇಟು ಅರ್ಧ ಗಂಟೆ ಕಾಯಬೇಕಾದಷ್ಟು ನೆಂಟರಿದ್ದರೆ ನಾನೂ ವಿನೆಗರ್ ಬಾಟಲಿ ತೆಗೆಯುತ್ತೇನೆ. ಮಾಮೂಲಿ ಸಂಜೆಗೆ ಪಂಚೆ, ಫ್ಯಾನು ಸಾಕು. ಭಾನುವಾರ ಮೊದಲ ಕರಿತ ಮುಗಿಸಿ, ಆರಿಸಿ, ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿಟ್ಟರೆ ವಾರದ ನಡುವೆ ಕರಗಿಸದೆ ನೇರವಾಗಿ ಎರಡನೇ ಕರಿತಕ್ಕೆ ಬಿಡಬಹುದು, ಸ್ವಲ್ಪ ಸ್ವಲ್ಪವೇ ಹಾಕಿದರಾಯಿತು.