ಅಜ್ಜನ ಕಪ್ಪು ಕೋಟಿನಲ್ಲಿ ಕಂಡ ನನ್ನ ಬಿಳಿ ಅಂಗಿ

ಪೆರ್ಲದ ಹತ್ತಿರ ನಮ್ಮ ಚಿಕ್ಕಮ್ಮನ ಮನೆ. ಅದರ ಚಾವಡಿಯಲ್ಲಿ ಅಜ್ಜನ ಫೋಟೋ ಇದೆ. ಕಪ್ಪು ಕೋಟು, ಬಿಳಿ ಮುಂಡಾಸು. ಅಜ್ಜನದ್ದು ಅಂತ ಉಳಿದಿರುವುದು ಇದೊಂದೇ. "ಮಳೆಗಾಲ ಶುರುವಾಗುವ ಮೊದಲು ಇದರದ್ದೊಂದು ಕಾಪಿ ಮಾಡಿ ಕೊಡು ಮಗಾ" ಎಂದರು ಚಿಕ್ಕಮ್ಮ.

ಚೌಕಟ್ಟು ಬಿಚ್ಚಿ ಸ್ಕ್ಯಾನ್ ಮಾಡಿದರಾಯಿತು ಅಂದುಕೊಂಡಿದ್ದೆ. ಹಿಂದಿನ ರಟ್ಟು ತೆಗೆದು ನೋಡಿದರೆ, ವರ್ಷ ವರ್ಷದ ತೇವಕ್ಕೆ ಫೋಟೋದ ಮೇಲಿನ ಜೆಲಾಟಿನ್ ಪದರ ಗಾಜಿಗೇ ಅಂಟಿಕೊಂಡಿತ್ತು. ಎಳೆದರೆ ಮುಖವೇ ಕಿತ್ತು ಬರುತ್ತದೆ. ಗಾಜು ಸಮೇತ ಇಡೋಣವೆಂದರೆ 40 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಎತ್ತರ. ನನ್ನ ಸ್ಕ್ಯಾನರಿಗೆ ಹಿಡಿಸುವುದಿಲ್ಲ. ಹಾಗಾಗಿ ಕ್ಯಾಮೆರಾವೇ ಗತಿ.

ಎದುರು ನಿಂತು ಸುಮ್ನೆ ತೆಗೆದ ಮೊದಲ ಫೋಟೋದಲ್ಲಿ ಮುಂಡಾಸು ಚೆನ್ನಾಗಿಯೇ ಬಂದಿತ್ತು. ಕೋಟಿನ ಮೇಲೆ ಮಾತ್ರ ನನ್ನ ಬಿಳಿ ಅಂಗಿ, ನನ್ನ ಬೆನ್ನ ಹಿಂದಿನ ಅಂಗಳದ ಬೆಳಕು. ಗಾಜಿನ ಎದುರು ಮೈ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ವಾಪಸು ಕಳಿಸುತ್ತದೆ. ಬಿಳಿ ಜಾಗದಲ್ಲಿ ಅದು ಗೊತ್ತಾಗುವುದಿಲ್ಲ, ಕಪ್ಪು ಜಾಗದಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಪ್ರತಿಬಿಂಬ ಇದೆಯಾ ಇಲ್ಲವಾ ಎಂದು ನೋಡಲು ಕೂದಲು, ಕೋಟು, ಮೀಸೆಗಳನ್ನೇ ದೊಡ್ಡದು ಮಾಡಿ ನೋಡಬೇಕು.

ಮೊದಲು ಪೋಲರೈಸರ್ ಫಿಲ್ಟರ್ ಹಾಕಿದೆ. ಗಾಜಿನ ಹೊಳಪಿಗೆ ಇದೇ ಮದ್ದು ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ನೇರ ಎದುರು ನಿಂತು ಎಷ್ಟು ತಿರುಗಿಸಿದರೂ ನನ್ನ ಅಂಗಿ ಹೋಗಲಿಲ್ಲ. ಫಿಲ್ಟರಿನ ತಪ್ಪಲ್ಲ ಅದು. ನೇರವಾಗಿ ಮರಳುವ ಬೆಳಕು ಧ್ರುವೀಕರಣವಾಗಿರುವುದಿಲ್ಲ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವುದಿಲ್ಲ. ಹಾಗಾಗಿ ಫಿಲ್ಟರಿಗೆ ತಡೆಯಲು ಏನೂ ಸಿಗುವುದಿಲ್ಲ. ನೇರ ಗೆರೆಯಿಂದ ಸುಮಾರು 56 ಡಿಗ್ರಿ ಪಕ್ಕಕ್ಕೆ ಸರಿದು ತಿರುಗಿಸಿದಾಗ ಹೊಳಪು ಪೂರ್ತಿ ಮಾಯವಾಯಿತು. ಆದರೆ ಅಲ್ಲಿಂದ 40 ಸೆಂಟಿಮೀಟರ್ ಅಗಲದ ಅಜ್ಜ 22 ಸೆಂಟಿಮೀಟರಿಗೆ ಕುಗ್ಗಿ ಕಾಣುತ್ತಾರೆ. ಕಂಪ್ಯೂಟರಿನಲ್ಲಿ ಎಳೆದು ಸರಿ ಮಾಡಿದೆ. ದೂರದ ಕಡೆಯ ಕಿವಿ, ಭುಜ ಮಸುಕಾದವು.

ಆಮೇಲೆ ಎರಡು ಫೋಟೋ ಸೇರಿಸುವ ದಾರಿ. ಅರ್ಧ ಮೀಟರ್ ಎಡಕ್ಕೆ ನಿಂತು ಒಂದು, ಬಲಕ್ಕೆ ನಿಂತು ಇನ್ನೊಂದು. ಬೆಳಕಿನ ಲೆಕ್ಕ ಎರಡಕ್ಕೂ ಒಂದೇ, ಮ್ಯಾನುವಲ್‌ನಲ್ಲಿ. ಫೋಟೋ ತಿದ್ದುವ GIMP ತಂತ್ರಾಂಶದಲ್ಲಿ ಒಂದರ ಮೇಲೊಂದು ಇಟ್ಟು, ನಾಲ್ಕು ಮೂಲೆ ಹೊಂದಿಸಿ, ಮೇಲಿನ ಪದರಕ್ಕೆ Darken only ಕೊಟ್ಟೆ. ಪ್ರತಿ ಜಾಗದಲ್ಲೂ ಎರಡರಲ್ಲಿ ಹೆಚ್ಚು ಕಪ್ಪಾದದ್ದನ್ನೇ ಅದು ಉಳಿಸುತ್ತದೆ. ಪ್ರತಿಬಿಂಬ ಯಾವಾಗಲೂ ಬೆಳಕನ್ನು ಕೂಡಿಸುತ್ತದೆಯೇ ಹೊರತು ಕಳೆಯುವುದಿಲ್ಲ. ಹಾಗಾಗಿ ಎರಡರಲ್ಲಿ ಕಪ್ಪಾಗಿರುವುದೇ ನಿಜವಾದದ್ದು. ನಾನು ಮಾಯವಾದೆ! ಆದರೆ ಅಂಗಳದ ಬೆಳಕು ಎರಡರಲ್ಲೂ ಕೋಟಿನ ಮೇಲೇ ಬಿದ್ದಿತ್ತು, ಅದು ಉಳಿಯಿತು. ಹೊಂದಿಸುವಾಗ ಕೂದಲೆಳೆಯಷ್ಟು ಆಚೀಚೆಯಾಗಿ ಮೀಸೆಯೂ ದಪ್ಪವಾಯಿತು. ಪ್ರತಿಬಿಂಬ ಚಿಕ್ಕದಿದ್ದರೆ ಇದು ಸಾಕು. ಅಂಗಡಿಯ ಗಾಜಿಗೆ ಮಾತ್ರ ಬೇಡ. ಒಳಗಿನ ವಸ್ತುಗಳು ಹಿಂದೆ ಮುಂದೆ ಇರುವುದರಿಂದ ಎರಡು ಫೋಟೋ ಒಂದಕ್ಕೊಂದು ಕೂಡುವುದೇ ಇಲ್ಲ. ಅಲ್ಲಿ ಲೆನ್ಸಿನ ರಬ್ಬರ್ ಹುಡ್ಡನ್ನು ಗಾಜಿಗೆ ಒತ್ತಿ ಹಿಡಿಯುವುದೇ ಒಳ್ಳೆಯದು.

ಕೊನೆಗೆ ಗೆದ್ದದ್ದು ಕಪ್ಪು ಬಟ್ಟೆ. ಮೊದಲು ಹಳೆಯ ಕೊಡೆಯ ಬಟ್ಟೆ ಕಟ್ಟಿದೆ, ಅದರ ನಯಕ್ಕೆ ಅದೇ ಹೊಳೆಯಿತು. ಆಮೇಲೆ ದಪ್ಪ ಹತ್ತಿ ಬಟ್ಟೆ ತಂದು, ನಡುವೆ ಲೆನ್ಸಿನಷ್ಟು ತೂತು ಮಾಡಿ, ಎರಡು ಕಂಬದ ನಡುವೆ ಹಗ್ಗಕ್ಕೆ ನೇತುಹಾಕಿದೆ. ಬಟ್ಟೆ ಎಷ್ಟು ದೊಡ್ಡದಿರಬೇಕು? ಲೆನ್ಸಿನ ಸಾಲಿನಲ್ಲೇ ನೇತುಹಾಕಿದರೆ ಚೌಕಟ್ಟಿನ ಎರಡರಷ್ಟು ಅಗಲ, ಎರಡರಷ್ಟು ಎತ್ತರ. ಎಷ್ಟು ದೂರ ನಿಂತರೂ ಈ ಲೆಕ್ಕ ಬದಲಾಗುವುದಿಲ್ಲ, ಏಕೆಂದರೆ ಬೆಳಕು ಗಾಜಿಗೆ ಹೋಗಿ ಅಷ್ಟೇ ದೂರ ವಾಪಸು ಬರುತ್ತದೆ. ನನಗೆ 80 ಸೆಂಟಿಮೀಟರ್ ಅಗಲ, 1 ಮೀಟರ್ ಎತ್ತರ ಬೇಕಿತ್ತು. ಸುತ್ತ ಒಂದು ಗೇಣು ಜಾಸ್ತಿಯೇ ಇಟ್ಟೆ.

ಆದರೂ ಕೆಳಗೆ ನನ್ನ ಕಾಲು ಕಂಡಿತು. ಗೋಡೆಯ ಚೌಕಟ್ಟು ತುಸು ಮುಂದಕ್ಕೆ ಬಾಗಿತ್ತು, ಹಾಗೆ ಬಾಗಿದ ಗಾಜು ನೆಲವನ್ನು ತೋರಿಸುತ್ತದೆ. ಇಳಿಸಿ, ಕುರ್ಚಿಯ ಮೇಲೆ ನೆಟ್ಟಗೆ ನಿಲ್ಲಿಸಿದೆ. ಬೆಳಕು ಎರಡು ಪಕ್ಕದ ಕಿಟಕಿಗಳಿಂದ ಚಿತ್ರಕ್ಕೆ ಬೀಳುತ್ತಿತ್ತು, ಬಟ್ಟೆಯ ನನ್ನ ಕಡೆ ನೆರಳೇ ಇತ್ತು.

ಈಗ ಕೋಟಿನಲ್ಲಿ ಉಳಿದದ್ದು ಒಂದೇ, ಲೆನ್ಸಿನ ಸುತ್ತ ಬರೆದಿರುವ ಬಿಳಿ ಅಕ್ಷರಗಳ ಸಣ್ಣ ಬಳೆ. ಅದರ ಮೇಲೆ ಕಪ್ಪು ಟೇಪು ಸುತ್ತಿ ಮತ್ತೆ ತೆಗೆದೆ. ಕೋಟಿನ ಮೂರನೇ ಗುಂಡಿ ಆಗಲೇ ನಮಗೆ ಮೊದಲ ಸಲ ಕಂಡದ್ದು.