ಸುವರ್ಣಗಡ್ಡೆಗೆ ಹುಣಸೆಯೋ, ಮಜ್ಜಿಗೆಯೋ?

ಗಂಗಾವತಿ ಸಂತೆಯಿಂದ ಅರ್ಧ ಕಿಲೋ ಗಡ್ಡೆ ತಂದು, ತುರಿಕೆ ತಪ್ಪಿಸಲು ಹುಣಸೆ ಬಳಸಲೋ ಮಜ್ಜಿಗೆ ಬಳಸಲೋ ಎಂದು ಕೇಳಿದ್ದೀರಿ, ಅಲ್ವಾ? ತುರಿಸುವುದು ಅದರೊಳಗಿನ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಕೈ ಉಳಿಸಲು ಹುಣಸೆ, ಮಜ್ಜಿಗೆ ಎರಡನ್ನೂ ನಂಬಬೇಡಿ. ಗಡ್ಡೆಯನ್ನೂ ಕೈಯನ್ನೂ ಒಣಗಿಸಿ, ಅಂಗೈಗೆ ಎಣ್ಣೆ ಸವರಿ ಹೆಚ್ಚಿ.

ಗಂಟಲಿನ ಮಾತು ಬೇರೆ. ಸಾರಿಗೆ ಹುಣಸೆಯೇ ಸರಿ. ನಿಂಬೆ ಗಾತ್ರದ ಹುಣಸೆ ಕಿವುಚಿದ ನೀರಲ್ಲಿ ಹೋಳು ಬೇಯಿಸಿ, ಆ ನೀರು ಚೆಲ್ಲಿ. ಕೆಲಸ ಜಾಸ್ತಿ, ಆದರೆ ಹೊಸ ಗಡ್ಡೆಗೆ ನಾನು ಇದನ್ನೇ ಮಾಡುತ್ತೇನೆ.

ಹುರಿದ ಪಲ್ಯಕ್ಕೆ ಹೋಳು ಗಟ್ಟಿಯಾಗಿರಬೇಕು. ಆಗ ಹುಳಿ ಮಜ್ಜಿಗೆಯಲ್ಲಿ ಅರ್ಧ ಗಂಟೆ ನೆನೆಸಿ, ತೊಳೆದು, ಸಣ್ಣ ಉರಿಯಲ್ಲಿ ಒಳಗೂ ಮೆತ್ತಗಾಗುವವರೆಗೆ ಹುರಿಯಿರಿ. ಚಾಕು ನಡುವೆ ತಡೆದರೆ ಇನ್ನೂ ಬೆಂದಿಲ್ಲ. ನಾನೊಮ್ಮೆ ಅವಸರ ಮಾಡಿ, ಊಟದ ನಂತರ ಗಂಟಲು ಕೆರೆದುಕೊಂಡು ಕೂತಿದ್ದೆ.