ವಾರಾಂತ್ಯಕ್ಕೆ ಸ್ಟಾಪ್ ಎಲ್ಲಿಡಬೇಕು?

ಶನಿವಾರ ರಾತ್ರಿ ದುರ್ಗದಬೈಲಿನಲ್ಲಿ ಗಿರಮಿಟ್ಟು ತಿನ್ನುವಾಗ, ಕ್ರಿಪ್ಟೋ ಕಾಯಿನ್ ಹಿಡಿದಿರುವ ಗೆಳೆಯ ಕೇಳಿದ: "ಸ್ಟಾಪ್ ಯಾವಾಗಲೂ ಶೇ. 3 ಕೆಳಗೆ ಇಡಲಾ, ಇಲ್ಲ ಎಟಿಆರ್ ನೋಡಿ ಇಡಲಾ, ಇಲ್ಲ ಶುಕ್ರವಾರವೇ ಮಾರಿಬಿಡಲಾ?"

ಸ್ಟಾಪ್ ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡು ಎಂಬ ಆರ್ಡರ್; ಎಟಿಆರ್ ಅಂದರೆ ಬೆಲೆಯ ಸರಾಸರಿ ಓಡಾಟದ ಅಳತೆ. ವಾರಾಂತ್ಯದಲ್ಲಿ ದೊಡ್ಡ ವ್ಯಾಪಾರಿಗಳು ಕಡಿಮೆ. ಕೊಳ್ಳುವ-ಮಾರುವ ಆರ್ಡರ್‌ಗಳ ಪಟ್ಟಿ, ಅಂದರೆ ಆರ್ಡರ್ ಬುಕ್, ತೆಳ್ಳಗಿರುತ್ತದೆ, ಸಣ್ಣ ಮಾರಾಟಕ್ಕೂ ಬೆಲೆ ಥಟ್ಟನೆ ಕುಸಿದು ಚಾರ್ಟಿನಲ್ಲಿ ಉದ್ದ ಬತ್ತಿ ಬೀಳುತ್ತದೆ.

ಲೆಕ್ಕ ಹಾಕೋಣ. ಕಾಯಿನ್ ಬೆಲೆ ₹1000, ನಾಲ್ಕು ತಾಸಿನ ಚಾರ್ಟಿನಲ್ಲಿ ಎಟಿಆರ್ ₹24. ಅಂದರೆ ನಾಲ್ಕು ತಾಸಿನ ಒಂದು ಕ್ಯಾಂಡಲ್‌ನಲ್ಲಿ ಬೆಲೆ ಸರಾಸರಿ ಅಷ್ಟು ಓಡಾಡುತ್ತದೆ. ಶೇ. 3ರ ಸ್ಟಾಪ್ ₹970ಕ್ಕೆ. ಒಂದೂಕಾಲು ಕ್ಯಾಂಡಲ್ ದೂರ ಅಷ್ಟೇ, ಸುಮ್ನೆ ಹಾರಿಹೋಗುತ್ತದೆ. ಎಟಿಆರ್‌ನ ಎರಡೂವರೆ ಪಟ್ಟು ಬಿಟ್ಟರೆ ₹940. ಆದರೆ ದೂರ ದುಪ್ಪಟ್ಟಾದರೆ ಕಾಯಿನ್ ಅರ್ಧವಾಗಬೇಕು. ₹1200 ಕಳೆದುಕೊಳ್ಳಲು ಸಿದ್ಧನಿದ್ದರೆ ಮೊದಲ ಸ್ಟಾಪಿಗೆ 40 ಕಾಯಿನ್, ಎರಡನೆಯದಕ್ಕೆ 20. ಇದನ್ನೇ ಜನ ಮರೆಯುವುದು.

ಇನ್ನೊಂದು ಮೋಸವಿದೆ. ಶನಿವಾರ ಮಾರುಕಟ್ಟೆ ಮಲಗಿದ್ದರೆ ಎಟಿಆರ್ ಇಳಿಯುತ್ತದೆ, ಅದನ್ನು ನಂಬಿ ಸ್ಟಾಪ್ ಹತ್ತಿರ ತಂದರೆ ಭಾನುವಾರ ರಾತ್ರಿ ಪೆಟ್ಟು. ನಾನು ಶುಕ್ರವಾರದ ಅಂಕಿಯನ್ನೇ ಇಟ್ಟುಕೊಳ್ಳುತ್ತೇನೆ.

ಶುಕ್ರವಾರ ಮಾರಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಪ್ರತಿ ಮಾರಾಟಕ್ಕೆ ಶೇ. 1 ಟಿಡಿಎಸ್ ಕಡಿತ, ರಿಟರ್ನ್ ಸಲ್ಲಿಸುವವರೆಗೆ ಆ ದುಡ್ಡು ಸಿಗದು. ವಾರವಾರ ಮಾಡಿದರೆ ಬಂಡವಾಳ ಕರಗುತ್ತದೆ.

ಬಿಟ್‌ಕಾಯಿನ್‌ನಂಥದ್ದನ್ನು ತಿಂಗಳುಗಟ್ಟಲೆ ಹಿಡಿಯುವವನಿಗೆ ಎಟಿಆರ್ ಸರಿ. ಪರದೆ ಮುಂದೆಯೇ ಕೂತು ಗಂಟೆಯೊಳಗೆ ಮುಗಿಸುವವನಿಗೆ ಶೇ. 3 ಸಾಕು. ಸಣ್ಣ ಕಾಯಿನ್ ಆದರೆ ಮಾರಿಬಿಡುವುದೇ ವಾಸಿ. ಅಲ್ಲಿ ₹940ರ ಸ್ಟಾಪ್ ₹915ಕ್ಕೆ ಮಾರಾಟವಾದರೂ ಆಶ್ಚರ್ಯವಿಲ್ಲ.